ಚುಕ್ಕಿ ಹೆಚ್ಚಿದಷ್ಟೂ ಗದ್ದಲ ತಗ್ಗಬೇಕು: ಕ್ವಾಮ್‌ನಲ್ಲಿ ವೇಗಕ್ಕೆ ತೆರುವ ಬೆಲೆ

(ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಆಸಕ್ತ ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ಹೇಳಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮಾತಿಗೆ ಮೊದಲು ಈ ಹಲಗೆಯ ಮೇಲೆ ಚುಕ್ಕಿ ಇಡುತ್ತೇನೆ. ನಾಲ್ಕು ಸಾಲು, ಸಾಲಿಗೆ ನಾಲ್ಕು ಚುಕ್ಕಿ, ಒಟ್ಟು ಹದಿನಾರು. ಬೆಳಿಗ್ಗೆ ಎದ್ದು ಬಾಗಿಲ ಮುಂದೆ ರಂಗೋಲಿ ಹಾಕುವವರಿಗೆ ಇದು ದಿನನಿತ್ಯದ ಕೆಲಸ. ಕನ್ನಡದಲ್ಲಿ ಚುಕ್ಕಿ ಎಂದರೆ ಬಿಂದುವೂ ಹೌದು, ಆಕಾಶದ ನಕ್ಷತ್ರವೂ ಹೌದು. ಸಂವಹನ ಎಂಜಿನಿಯರುಗಳು ಇದೇ ಚಿತ್ರವನ್ನು ಕಾನ್‌ಸ್ಟಲೇಶನ್, ಎಂದರೆ ನಕ್ಷತ್ರಪುಂಜ, ಎಂದು ಕರೆಯುತ್ತಾರೆ. ಅವರು ಹುಡುಕಿಕೊಂಡ ಹೋಲಿಕೆ ನಮ್ಮ ಪದದೊಳಗೆ ಮೊದಲೇ ಕುಳಿತಿದೆ. ಹಾಗಾಗಿ ಈ ಸಂಜೆಯಿಡೀ ನಾನು ಚುಕ್ಕಿ ಎಂಬ ಪದವನ್ನೇ ಬಳಸುತ್ತೇನೆ.

ನಿಮ್ಮ ಮನೆಯ ವೈ-ಫೈ ರೂಟರ್ ಗಾಳಿಯಲ್ಲಿ ಕಳಿಸುವುದು ಒಂದು ಅಲೆಯನ್ನು. ಆ ಅಲೆಯನ್ನು ಎರಡು ತುಂಡು ಅಲೆಗಳ ಮೊತ್ತವೆಂದು ನೋಡಬಹುದು. ಎರಡರ ಆವರ್ತನವೂ ಒಂದೇ. ಆದರೆ ಒಂದು ಇನ್ನೊಂದಕ್ಕಿಂತ ಕಾಲು ಸುತ್ತು, ಎಂದರೆ 90 ಡಿಗ್ರಿ, ಹಿಂದೆ ಇರುತ್ತದೆ. ಹೀಗಿರುವ ಎರಡು ಅಲೆಗಳು ಒಂದೇ ಗಾಳಿಯಲ್ಲಿ ಒಟ್ಟಿಗೆ ಹೋದರೂ ಒಂದಕ್ಕೊಂದು ಅಡ್ಡಿಯಾಗುವುದಿಲ್ಲ. ಕೇಳುವ ಕಡೆ ಅವನ್ನು ಬೇರ್ಪಡಿಸಿ ಎರಡರ ಎತ್ತರವನ್ನೂ ಪ್ರತ್ಯೇಕವಾಗಿ ಅಳೆಯಬಹುದು. ಒಂದು ಅಲೆಯ ಎತ್ತರವನ್ನು ಎಡ-ಬಲಕ್ಕೂ, ಇನ್ನೊಂದರ ಎತ್ತರವನ್ನು ಮೇಲೆ-ಕೆಳಕ್ಕೂ ಗುರುತು ಮಾಡಿದರೆ ಹಲಗೆಯ ಮೇಲೆ ಒಂದು ಚುಕ್ಕಿ ಸಿಗುತ್ತದೆ. ಈ ವಿಧಾನವೇ ಕ್ವಾಡ್ರೇಚರ್ ಆಂಪ್ಲಿಟ್ಯೂಡ್ ಮಾಡ್ಯುಲೇಶನ್. ಚಿಕ್ಕದಾಗಿ ಕ್ವಾಮ್.

ಹದಿನಾರು ಚುಕ್ಕಿಗಳಲ್ಲಿ ಒಂದನ್ನು ಆರಿಸಿ ಕಳಿಸಿದರೆ ನಾಲ್ಕು ಬಿಟ್ ಹೋದಂತೆ, ಏಕೆಂದರೆ ನಾಲ್ಕು ಬಿಟ್‌ಗಳಿಗೆ ಹದಿನಾರು ಸಾಧ್ಯತೆಗಳಿವೆ. 64 ಚುಕ್ಕಿಗಳಿದ್ದರೆ ಆರು ಬಿಟ್. 256ಕ್ಕೆ ಎಂಟು, 1024ಕ್ಕೆ ಹತ್ತು, 4096ಕ್ಕೆ ಹನ್ನೆರಡು. ವೈ-ಫೈ ನಡೆದು ಬಂದ ದಾರಿಯೂ ಇದೇ. 1999ರ ಮಾನದಂಡದಲ್ಲಿ 64 ಚುಕ್ಕಿಗಳಿದ್ದವು, 2013ರಲ್ಲಿ 256 ಬಂತು, ವೈ-ಫೈ 6ರಲ್ಲಿ 1024, ಈಗ ವೈ-ಫೈ 7ರಲ್ಲಿ 4096. ಪೆಟ್ಟಿಗೆಯ ಮೇಲೆ '4K-QAM' ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿರುವುದು ಇದನ್ನೇ.

ಇಲ್ಲೊಂದು ಲೆಕ್ಕವನ್ನು ಗಮನಿಸಿ. ಪ್ರತಿ ಹೆಜ್ಜೆಗೂ ಚುಕ್ಕಿಗಳು ನಾಲ್ಕು ಪಟ್ಟಾಗುತ್ತಿವೆ, ಬಿಟ್‌ಗಳು ಮಾತ್ರ ಎರಡೆರಡೇ ಹೆಚ್ಚುತ್ತಿವೆ. ನಾಲ್ಕರಿಂದ ಆರಕ್ಕೆ ಹೋದಾಗ ವೇಗ ಶೇ. 50ರಷ್ಟು ಏರುತ್ತದೆ. ಆರರಿಂದ ಎಂಟಕ್ಕೆ ಶೇ. 33, ಎಂಟರಿಂದ ಹತ್ತಕ್ಕೆ ಶೇ. 25. ಕೊನೆಯ ಹೆಜ್ಜೆ, 1024ರಿಂದ 4096ಕ್ಕೆ, ಕೊಡುವುದು ಶೇ. 20 ಮಾತ್ರ. ಲಾಭ ಹೆಜ್ಜೆ ಹೆಜ್ಜೆಗೂ ಸಣ್ಣದಾಗುತ್ತದೆ. ಅದಕ್ಕೆ ತೆರುವ ಬೆಲೆಯೂ ಸಣ್ಣದಾಗುತ್ತದೆಯೇ? ಇಂದಿನ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ಅಂಗಳಕ್ಕೆ ಹಿಂದಿರುಗೋಣ. ಚುಕ್ಕಿ ಇಟ್ಟ ಮೇಲೆ ಗಾಳಿ ಬೀಸಿದರೆ ಪುಡಿ ಸ್ವಲ್ಪ ಅತ್ತಿತ್ತ ಸರಿಯುತ್ತದೆ. ರೇಡಿಯೊದಲ್ಲಿ ಈ ಗಾಳಿಯ ಹೆಸರು ನಾಯ್ಸ್. ನಾನು ಗದ್ದಲ ಎನ್ನುತ್ತೇನೆ. ಬಿಸಿ ಇರುವ ಪ್ರತಿ ವಸ್ತುವಿನಲ್ಲೂ ಎಲೆಕ್ಟ್ರಾನ್‌ಗಳು ನಡುಗುತ್ತಿರುತ್ತವೆ, ಆ ನಡುಕವೇ ಗದ್ದಲದ ಮೂಲ. ಅದನ್ನು ಇಲ್ಲವಾಗಿಸಲು ಬರುವುದಿಲ್ಲ. ಕಳಿಸಿದ ಚುಕ್ಕಿ ಕೇಳುವ ಕಡೆ ಅದೇ ಜಾಗದಲ್ಲಿ ಬೀಳದೆ ಸುತ್ತಮುತ್ತ ಎಲ್ಲೋ ಬೀಳುತ್ತದೆ. ಅತ್ಯಂತ ಹತ್ತಿರದ ಚುಕ್ಕಿ ಯಾವುದೋ ಅದನ್ನೇ ಕಳಿಸಿರಬೇಕು ಎಂದು ರಿಸೀವರ್ ತೀರ್ಮಾನಿಸುತ್ತದೆ. ಪಕ್ಕದ ಚುಕ್ಕಿಯ ಕಡೆಗೆ ಅರ್ಧ ದಾರಿಗಿಂತ ಹೆಚ್ಚು ಸರಿದಿದ್ದರೆ ತೀರ್ಮಾನ ತಪ್ಪುತ್ತದೆ. ಹೀಗಾಗಿ ಎಲ್ಲವನ್ನೂ ನಿರ್ಧರಿಸುವುದು ಎರಡು ನೆರೆ ಚುಕ್ಕಿಗಳ ನಡುವಿನ ಅಂತರ. ಚುಕ್ಕಿಗಳ ಎಣಿಕೆಯ ಪಾತ್ರ ಬಹಳ ಕಡಿಮೆ.

ಅಂತರವನ್ನು ಹಾಗೇ ಉಳಿಸಿಕೊಂಡು ಚುಕ್ಕಿಗಳನ್ನು ನಾಲ್ಕು ಪಟ್ಟು ಮಾಡಬೇಕೆಂದರೆ ರಂಗೋಲಿಯ ಉದ್ದವೂ ಅಗಲವೂ ಇಮ್ಮಡಿಯಾಗಬೇಕು. ಉದ್ದ ಎಂದರೆ ಇಲ್ಲಿ ಅಲೆಯ ಎತ್ತರ. ಶಕ್ತಿಯು ಎತ್ತರದ ವರ್ಗದ ಅನುಪಾತದಲ್ಲಿ ಏರುವುದರಿಂದ ಶಕ್ತಿ ನಾಲ್ಕು ಪಟ್ಟು ಬೇಕಾಗುತ್ತದೆ. ಹಲಗೆಯ ಮೇಲೆ ಲೆಕ್ಕ ಮಾಡಿಯೇ ನೋಡೋಣ. 64 ಚುಕ್ಕಿಗಳ ರಂಗೋಲಿಯಲ್ಲಿ ಒಂದು ದಿಕ್ಕಿನ ಎತ್ತರಗಳು 1, 3, 5, 7 ಮತ್ತು ಅವುಗಳ ಋಣ ರೂಪಗಳು. ವರ್ಗಗಳು 1, 9, 25, 49, ಸರಾಸರಿ 21. ಎರಡು ದಿಕ್ಕು ಸೇರಿದರೆ 42. ಈಗ 256 ಚುಕ್ಕಿಗಳು: 1ರಿಂದ 15ರವರೆಗಿನ ಬೆಸ ಸಂಖ್ಯೆಗಳು. ವರ್ಗಗಳ ಸರಾಸರಿ 85, ಎರಡು ದಿಕ್ಕಿಗೆ 170. 42 ಎಲ್ಲಿ, 170 ಎಲ್ಲಿ! ನಾಲ್ಕು ಪಟ್ಟಿಗಿಂತ ಒಂದು ಕೂದಲೆಳೆ ಹೆಚ್ಚು. 1024ಕ್ಕೆ ಇದೇ ಲೆಕ್ಕ 682 ಕೊಡುತ್ತದೆ, 4096ಕ್ಕೆ 2730. ಪ್ರತಿ ಹೆಜ್ಜೆಯೂ ನಾಲ್ಕು ಪಟ್ಟು.

ಡೆಸಿಬೆಲ್ ಲೆಕ್ಕದಲ್ಲಿ ಇಮ್ಮಡಿ ಎಂದರೆ 3, ನಾಲ್ಕು ಪಟ್ಟು ಎಂದರೆ 6, ಹತ್ತು ಪಟ್ಟು ಎಂದರೆ 10. ಆದ್ದರಿಂದ ಮೇಲಿನ ಪ್ರಶ್ನೆಗೆ ಉತ್ತರ ಇದು: ಲಾಭ ಶೇ. 50, 33, 25, 20 ಎಂದು ಇಳಿಯುತ್ತಾ ಹೋದರೂ ಬೆಲೆ ಮಾತ್ರ ಪ್ರತಿ ಸಲವೂ ಅದೇ 6 ಡೆಸಿಬೆಲ್. ಶಕ್ತಿಯನ್ನು ಏರಿಸಲು ಕಾನೂನಾಗಲಿ ಬ್ಯಾಟರಿಯಾಗಲಿ ಬಿಡದಿದ್ದರೆ ಅಂಗಳ ಇದ್ದಷ್ಟೇ ಇರುತ್ತದೆ. ಆಗ ಚುಕ್ಕಿಗಳು ಒತ್ತೊತ್ತಾಗಿ ಅಂತರ ಅರ್ಧಕ್ಕಿಳಿಯುತ್ತದೆ, ಗದ್ದಲ ಕಾಲು ಭಾಗಕ್ಕೆ ಇಳಿಯಲೇಬೇಕಾಗುತ್ತದೆ. ಯಾವ ಕಡೆಯಿಂದ ನೋಡಿದರೂ ಸಿಗ್ನಲ್ ಮತ್ತು ಗದ್ದಲದ ಅನುಪಾತ 6 ಡೆಸಿಬೆಲ್ ಏರಬೇಕು.

ಈ ಅನುಪಾತ ಎಷ್ಟಿದ್ದರೆ ಸಾಕು? ಹತ್ತು ಲಕ್ಷ ಬಿಟ್‌ಗಳಲ್ಲಿ ಒಂದು ತಪ್ಪಾಗಬಹುದು ಎಂದು ಒಪ್ಪಿಕೊಳ್ಳೋಣ, ತಪ್ಪು ತಿದ್ದುವ ಕೋಡ್ ಯಾವುದೂ ಇಲ್ಲವೆಂದೂ ಇಟ್ಟುಕೊಳ್ಳೋಣ. 16 ಚುಕ್ಕಿಗಳಿಗೆ ಸುಮಾರು 20.4 ಡೆಸಿಬೆಲ್ ಬೇಕು, 64ಕ್ಕೆ 26.6. 256ಕ್ಕೆ 32.6, 1024ಕ್ಕೆ 38.5, 4096ಕ್ಕೆ 44.5. ಆರಾರು ಡೆಸಿಬೆಲ್‌ಗಳ ಮೆಟ್ಟಿಲು ಕಣ್ಣಿಗೆ ಕಾಣುತ್ತಿದೆಯಲ್ಲವೇ?

ಇದರಲ್ಲಿ ಒಂದು ಮೆಟ್ಟಿಲಿನ ಅಂಚಿನಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ವಿದ್ಯಾರ್ಥಿಗಳು ಹೆಚ್ಚಾಗಿ ತಪ್ಪು ತಿಳಿಯುವುದು ಇಲ್ಲಿಯೇ. ಅನುಪಾತ ಸ್ವಲ್ಪ ಕಡಿಮೆಯಾದರೆ ವೇಗವೂ ಸ್ವಲ್ಪ ಕಡಿಮೆಯಾಗುತ್ತದೆ ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ವಾಸ್ತವ ಹಾಗಿಲ್ಲ. 64 ಚುಕ್ಕಿಗಳನ್ನು 26.6 ಡೆಸಿಬೆಲ್‌ನಲ್ಲಿ ಕಳಿಸುತ್ತಿದ್ದೇವೆ ಎನ್ನೋಣ. ಒಂದು ಪ್ಯಾಕೆಟ್‌ನಲ್ಲಿ 1500 ಬೈಟ್, ಎಂದರೆ 12,000 ಬಿಟ್. ಹತ್ತು ಲಕ್ಷಕ್ಕೆ ಒಂದು ತಪ್ಪು ಎಂದರೆ ನೂರು ಪ್ಯಾಕೆಟ್‌ಗಳಲ್ಲಿ ಒಂದೋ ಎರಡೋ ಹಾಳಾಗುತ್ತವೆ. ತೊಂದರೆಯಿಲ್ಲ, ಮತ್ತೆ ಕಳಿಸಬಹುದು. ಈಗ ಯಾರೋ ನಡುವೆ ಬಂದು ನಿಂತು ಸಿಗ್ನಲ್ ಬರೀ 2 ಡೆಸಿಬೆಲ್ ಇಳಿಯಿತು. ತಪ್ಪುಗಳ ಪ್ರಮಾಣ ಅರುವತ್ತು ಪಟ್ಟಿಗೂ ಹೆಚ್ಚಾಗಿ, ಅರ್ಧಕ್ಕಿಂತ ಹೆಚ್ಚು ಪ್ಯಾಕೆಟ್‌ಗಳು ಹಾಳಾಗುತ್ತವೆ. ಆರು ಬಿಟ್‌ಗಳ ಲೆಕ್ಕದಲ್ಲಿ ಕಳಿಸಿದ್ದರಲ್ಲಿ ಕೈಗೆ ಸಿಗುವುದು ಎರಡೂ ಮುಕ್ಕಾಲು ಬಿಟ್‌ಗಳಷ್ಟು. ಅದೇ ಜಾಗದಲ್ಲಿ ಸುಮ್ಮನೆ 16 ಚುಕ್ಕಿಗಳಿಗೆ ಇಳಿದಿದ್ದರೆ ನಾಲ್ಕು ಬಿಟ್‌ಗಳೂ ಕ್ಷೇಮವಾಗಿ ತಲುಪುತ್ತಿದ್ದವು. ಸಿಗ್ನಲ್ ಇನ್ನೂ ಇಳಿದು, 16 ಚುಕ್ಕಿಗಳಿಗೆ ಸಾಕಾಗುವ 20.4ಕ್ಕೆ ಬಂದಾಗಲೂ ಹಟ ಹಿಡಿದು 64ರಲ್ಲೇ ಕಳಿಸಿದರೆ ಪ್ರತಿ ಪ್ಯಾಕೆಟ್‌ನಲ್ಲೂ ಎಪ್ಪತ್ತಕ್ಕೂ ಹೆಚ್ಚು ತಪ್ಪುಗಳಿರುತ್ತವೆ. ಒಂದೂ ಉಳಿಯುವುದಿಲ್ಲ. ಇದು ಇಳಿಜಾರಿನಂತಿಲ್ಲ, ಬಂಡೆಯ ಅಂಚಿನಂತಿದೆ.

ನಿಜವಾದ ಸಾಧನಗಳಲ್ಲಿ ತಪ್ಪು ತಿದ್ದುವ ಕೋಡ್ ಇರುತ್ತದೆ. ವೈ-ಫೈಯಲ್ಲಿ 5/6 ಎಂದು ನೋಡಿದರೆ ಆರು ಬಿಟ್‌ಗಳಲ್ಲಿ ಐದು ಮಾತ್ರ ನಿಮ್ಮವು, ಒಂದು ಕಾವಲಿಗೆ ಎಂದು ಅರ್ಥ. ಕೋಡ್ ಬಂದರೆ ಬೇಕಾದ ಅನುಪಾತ ಹಲವು ಡೆಸಿಬೆಲ್ ಕೆಳಗಿಳಿಯುತ್ತದೆ, ಜೊತೆಗೆ ಆ ಅಂಚು ಇನ್ನಷ್ಟು ಕಡಿದಾಗುತ್ತದೆ. ಮೆಟ್ಟಿಲುಗಳ ನಡುವಿನ 6 ಡೆಸಿಬೆಲ್ ಅಂತರವನ್ನು ಮಾತ್ರ ಯಾವ ಕೋಡ್ ಕೂಡ ಕಡಿಮೆ ಮಾಡುವುದಿಲ್ಲ. ಅದರ ಕಾರಣವನ್ನು 1948ರಲ್ಲಿ ಕ್ಲಾಡ್ ಶಾನನ್ ಬರೆದಿಟ್ಟಿದ್ದಾರೆ:

```
C = B log2(1 + S/N)
```

C ಎಂದರೆ ತಪ್ಪಿಲ್ಲದೆ ಕಳಿಸಬಹುದಾದ ಗರಿಷ್ಠ ವೇಗ, B ಎಂದರೆ ಚಾನೆಲ್ಲಿನ ಅಗಲ. ಸಿಗ್ನಲ್ ಮತ್ತು ಗದ್ದಲದ ಅನುಪಾತ, ಎಂದರೆ S/N, ಲಾಗರಿದಮ್ಮಿನ ಒಳಗೆ ಕುಳಿತಿದೆ. ಅನುಪಾತ ದೊಡ್ಡದಿರುವಾಗ ಅದನ್ನು ಇಮ್ಮಡಿ ಮಾಡಿದರೆ ಒಂದು ಹರ್ಟ್ಜ್‌ಗೆ ಒಂದು ಬಿಟ್ ಮಾತ್ರ ಹೆಚ್ಚು ಸಿಗುತ್ತದೆ. ಬಿಟ್‌ಗೆ 3 ಡೆಸಿಬೆಲ್, ಎರಡು ಬಿಟ್‌ಗೆ 6. ಕ್ವಾಮ್ ಈ ಮಿತಿಗೆ ಸಮಾನಾಂತರವಾಗಿ, ಅದಕ್ಕಿಂತ ಸ್ವಲ್ಪ ದೂರದಲ್ಲಿ ಏರುತ್ತದೆ. ಕೋಡ್ ಇಲ್ಲದ ನಮ್ಮ ಲೆಕ್ಕದಲ್ಲಿ ಆ ದೂರ ಎಂಟೂವರೆ ಡೆಸಿಬೆಲ್ ಆಸುಪಾಸು. ಕೋಡ್ ಮಾಡುವ ಕೆಲಸ ಆ ದೂರವನ್ನು ಕಡಿಮೆ ಮಾಡುವುದು. ಏರಿಕೆಯ ಓರೆ ಮಾತ್ರ ಪ್ರಕೃತಿ ಹಾಕಿಕೊಟ್ಟದ್ದು.

ಈಗ ಒಂದು ಮನೆಯೊಳಗೆ ಹೋಗೋಣ. ಹಾಲ್‌ನಲ್ಲಿ ರೂಟರ್ ಇದೆ. 5 ಗಿಗಾಹರ್ಟ್ಜ್ ಪಟ್ಟಿ, 80 ಮೆಗಾಹರ್ಟ್ಜ್ ಚಾನೆಲ್, ಹೊರಗೆ ಬಿಡುವ ಶಕ್ತಿ 100 ಮಿಲಿವಾಟ್, ಎಂದರೆ ಒಂದು ಮಿಲಿವಾಟ್‌ಗೆ ಹೋಲಿಸಿದ ಡೆಸಿಬೆಲ್ ಲೆಕ್ಕದಲ್ಲಿ 20 ಡಿಬಿಎಂ. ಲೆಕ್ಕ ಸರಳವಾಗಿರಲೆಂದು ಒಂದೇ ಆಂಟೆನಾ ಧಾರೆ ಎಂದಿಟ್ಟುಕೊಳ್ಳೋಣ. ಈ ಆವರ್ತನದಲ್ಲಿ ಮೊದಲ ಒಂದು ಮೀಟರ್ ದಾಟುವಷ್ಟರಲ್ಲೇ 47 ಡೆಸಿಬೆಲ್ ಕಳೆದುಹೋಗುತ್ತದೆ. ಸಿಗ್ನಲ್ ಮೈನಸ್ 27 ಡಿಬಿಎಂಗೆ ಬರುತ್ತದೆ. ಆಮೇಲೆ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಇಳಿಯುತ್ತದೆ. ಪ್ಲಾಸ್ಟರ್ ಮಾಡಿದ ಇಟ್ಟಿಗೆ ಗೋಡೆಗೆ 10 ಡೆಸಿಬೆಲ್ ಎಂದು ಹಿಡಿಯುತ್ತೇನೆ. ಗೋಡೆಯ ದಪ್ಪ, ತೇವಕ್ಕೆ ತಕ್ಕಂತೆ ಇದು ಬದಲಾಗುತ್ತದೆ.

ಎದುರಿಗೆ ಮಾನದಂಡದ ಪಟ್ಟಿ ಇಟ್ಟುಕೊಳ್ಳೋಣ. 80 ಮೆಗಾಹರ್ಟ್ಜ್‌ನಲ್ಲಿ, 5/6 ಕೋಡ್‌ನೊಂದಿಗೆ, 64 ಚುಕ್ಕಿಗಳನ್ನು ಮೈನಸ್ 58 ಡಿಬಿಎಂನಲ್ಲಿ ಓದಲು ಬರಬೇಕು ಎನ್ನುತ್ತದೆ ಅದು. 256ಕ್ಕೆ ಮೈನಸ್ 51, 1024ಕ್ಕೆ ಮೈನಸ್ 46, 4096ಕ್ಕೆ ಮೈನಸ್ 40. ಮೂರು ಹೆಜ್ಜೆಗೆ 18 ಡೆಸಿಬೆಲ್, ಹೆಜ್ಜೆಗೆ ಸರಾಸರಿ ಆರೇ. ನಾವು ರಂಗೋಲಿಯಿಂದ ಹಲಗೆಯ ಮೇಲೆ ತೆಗೆದ ಲೆಕ್ಕ ಮಾನದಂಡದ ಪುಟದಲ್ಲಿ ಹಾಗೇ ಕುಳಿತಿದೆ. ಒಳ್ಳೆಯ ರಿಸೀವರ್‌ಗಳು ಈ ಕನಿಷ್ಠಕ್ಕಿಂತ ಕೆಲವು ಡೆಸಿಬೆಲ್ ಚೆನ್ನಾಗಿಯೇ ಕೆಲಸ ಮಾಡುತ್ತವೆ, ಆದರೂ ನಮ್ಮ ಲೆಕ್ಕಕ್ಕೆ ಇದೇ ಸಾಕು.

ರೂಟರ್‌ನಿಂದ 4 ಮೀಟರ್ ದೂರದ ಸೋಫಾದಲ್ಲಿ ಕುಳಿತರೆ ಸಿಗ್ನಲ್ ಮೈನಸ್ 39. 4096 ಚುಕ್ಕಿಗಳು ಕೂದಲೆಳೆಯಲ್ಲಿ ಪಾರು. ವೇಗ ಸೆಕೆಂಡಿಗೆ 720 ಮೆಗಾಬಿಟ್. ಅದೇ ಹಾಲ್‌ನಲ್ಲಿ 8 ಮೀಟರ್‌ಗೆ ಹೋದರೆ ಮೈನಸ್ 45, ಒಂದು ಮೆಟ್ಟಿಲು ಕೆಳಗೆ: 1024 ಚುಕ್ಕಿ, 600 ಮೆಗಾಬಿಟ್. ಬಯಲಿನಲ್ಲಿ ದೂರದ ಒಂದು ಇಮ್ಮಡಿಯೂ ಕ್ವಾಮ್‌ನ ಒಂದು ಮೆಟ್ಟಿಲೂ ಒಂದೇ ಅಳತೆಯವು, ಎರಡೂ 6 ಡೆಸಿಬೆಲ್. ಆದ್ದರಿಂದ 4096 ನಡೆಯುವ ವೃತ್ತದ ತ್ರಿಜ್ಯ 1024 ನಡೆಯುವ ವೃತ್ತದ ಅರ್ಧ, ನೆಲದ ಅಳತೆಯಲ್ಲಿ ಕಾಲು ಭಾಗ. ಜಾಹೀರಾತಿನ ಸಂಖ್ಯೆಯನ್ನು ಓದುವಾಗ ಈ ಕಾಲು ಭಾಗವನ್ನು ನೆನಪಿಡಬೇಕು ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಗೋಡೆಯಾಚೆಗಿನ ಕೋಣೆಗೆ ಹೋಗೋಣ. ರೂಟರ್‌ನಿಂದ 5 ಮೀಟರ್, ನಡುವೆ ಒಂದು ಗೋಡೆ. ಸಿಗ್ನಲ್ ಮೈನಸ್ 51: 256 ಚುಕ್ಕಿ, 480 ಮೆಗಾಬಿಟ್. ಇನ್ನೂ ಹಿಂದಿನ ಮಲಗುವ ಕೋಣೆ: 10 ಮೀಟರ್, ಎರಡು ಗೋಡೆ. ಮೈನಸ್ 67. ಇಲ್ಲಿ 16 ಚುಕ್ಕಿ, ಅದೂ ಅರ್ಧದಷ್ಟು ಬಿಟ್‌ಗಳನ್ನು ಕಾವಲಿಗಿಟ್ಟ ಕೋಡ್‌ನೊಂದಿಗೆ. ವೇಗ 144 ಮೆಗಾಬಿಟ್.

ಸೋಫಾಕ್ಕೂ ಈ ಕೋಣೆಗೂ ಹೋಲಿಸಿ. ಸಿಗ್ನಲ್ 28 ಡೆಸಿಬೆಲ್ ಇಳಿದಿದೆ, ಎಂದರೆ ಆರುನೂರು ಪಟ್ಟಿಗೂ ಹೆಚ್ಚು ದುರ್ಬಲವಾಗಿದೆ. ವೇಗ ಇಳಿದಿರುವುದು ಐದನೇ ಒಂದಕ್ಕೆ ಮಾತ್ರ. ಲಾಗರಿದಮ್ ನಮಗೆ ಏರುವಾಗ ಜಿಪುಣ, ಇಳಿಯುವಾಗ ಉದಾರಿ. ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇದು. ತುದಿಯ ಮೆಟ್ಟಿಲಿಗೆ ನಾಲ್ಕು ಪಟ್ಟು ಶಕ್ತಿ ಕೊಟ್ಟರೂ ಬರೀ ಶೇ. 20 ಸಿಕ್ಕಿತು ಎಂದು ಬೇಸರವಾಗುತ್ತದೆ. ಅದೇ ನಿಯಮ ಆರುನೂರನೇ ಒಂದು ಭಾಗದ ಸಿಗ್ನಲ್‌ನಲ್ಲೂ ನೋಡುತ್ತಿದ್ದ ವಿಡಿಯೊವನ್ನು ನಿಲ್ಲಿಸದೆ ನಡೆಸುತ್ತದೆ. ಸಾಧನವು ಕ್ಷಣಕ್ಷಣಕ್ಕೂ ಸರಿಯಾದ ಮೆಟ್ಟಿಲನ್ನು ಆರಿಸಿಕೊಳ್ಳುತ್ತಿರಬೇಕು ಎಂಬುದೊಂದೇ ಷರತ್ತು.

ಯಾವ ಮೆಟ್ಟಿಲಿನಲ್ಲಿದ್ದೇವೆ ಎಂದು ನೀವೇ ನೋಡಬಹುದು. ಲಿನಕ್ಸ್ ಲ್ಯಾಪ್‌ಟಾಪ್ ಇದ್ದವರು ಹೀಗೆ ಟೈಪ್ ಮಾಡಿ, `wlan0` ಬದಲಿಗೆ ನಿಮ್ಮ ಸಾಧನದ ಹೆಸರಿಟ್ಟು:

```
iw dev wlan0 link
```

ಬರುವ ಉತ್ತರದಲ್ಲಿ ಇಂಥ ಒಂದು ಸಾಲಿರುತ್ತದೆ:

```
tx bitrate: 1200.9 MBit/s 80MHz HE-MCS 11 HE-NSS 2
```

`HE` ಎಂದರೆ ವೈ-ಫೈ 6. `NSS 2` ಎಂದರೆ ಎರಡು ಧಾರೆಗಳು. ಹಾಗಾಗಿಯೇ 600ರ ಇಮ್ಮಡಿ. `MCS` ಎಂಬುದು ಮೆಟ್ಟಿಲಿನ ಸಂಖ್ಯೆ: 3 ಮತ್ತು 4 ಎಂದರೆ 16 ಚುಕ್ಕಿ, 5ರಿಂದ 7 ಎಂದರೆ 64, 8 ಮತ್ತು 9 ಎಂದರೆ 256, 10 ಮತ್ತು 11 ಎಂದರೆ 1024. ಲ್ಯಾಪ್‌ಟಾಪ್ ಹಿಡಿದು ಕೋಣೆಯಿಂದ ಕೋಣೆಗೆ ನಡೆಯುತ್ತಾ ಈ ಸಂಖ್ಯೆ ಇಳಿಯುವುದನ್ನೂ `signal` ಸಾಲಿನ ಡಿಬಿಎಂ ಇಳಿಯುವುದನ್ನೂ ಒಟ್ಟಿಗೆ ಬರೆದಿಟ್ಟುಕೊಳ್ಳಿ. ಅರ್ಧ ಗಂಟೆಯಲ್ಲಿ ನಿಮ್ಮ ಮನೆಯದೇ ಒಂದು ಪಟ್ಟಿ ತಯಾರಾಗುತ್ತದೆ.

ಹಾಗೆ ನಡೆದವರಿಗೆ ಒಂದು ವಿಚಿತ್ರ ಕಾಣಬಹುದು. ರೂಟರ್‌ನ ಪಕ್ಕದಲ್ಲೇ ನಿಂತರೂ ಕೆಲವು ಸಾಧನಗಳು ತುದಿಯ ಮೆಟ್ಟಿಲನ್ನು ಮುಟ್ಟುವುದಿಲ್ಲ. ದೂರವಿಲ್ಲ, ಗೋಡೆಯಿಲ್ಲ, ಇನ್ನೇನು ಅಡ್ಡಿ?

ಅಡ್ಡಿ ಕಳಿಸುವ ಯಂತ್ರದಲ್ಲೇ ಇರಬಹುದು. ಇದುವರೆಗೆ ಚುಕ್ಕಿ ಇಡುವ ಕೈ ಸ್ಥಿರವಾಗಿದೆ, ಗಾಳಿ ಮಾತ್ರ ಅದನ್ನು ಕದಲಿಸುತ್ತದೆ ಎಂದುಕೊಂಡಿದ್ದೆವು. ಕೈಯೂ ನಡುಗುತ್ತದೆ. ಟ್ರಾನ್ಸ್‌ಮಿಟರ್ ತಾನು ಇಡಬೇಕಾದ ಜಾಗಕ್ಕಿಂತ ಎಷ್ಟು ಅತ್ತಿತ್ತ ಇಡುತ್ತದೆ ಎಂಬ ಅಳತೆಗೆ ಇವಿಎಂ ಎನ್ನುತ್ತಾರೆ. 4096 ಚುಕ್ಕಿಗಳಿಗೆ ವೈ-ಫೈ 7 ವಿಧಿಸುವ ಮಿತಿ ಮೈನಸ್ 38 ಡೆಸಿಬೆಲ್. ಸಿಗ್ನಲ್ಲಿನ ಸರಾಸರಿ ಎತ್ತರದ ಶೇ. 1.26ರಷ್ಟು ಕದಲಿಕೆ. ಪಕ್ಕದ ಚುಕ್ಕಿಗೆ ಅರ್ಧ ದಾರಿ ಎಷ್ಟು ದೂರ ಗೊತ್ತೇ? ಶೇ. 1.9. ಕಾರ್ಖಾನೆಯಿಂದ ಹೊರಡುವಾಗಲೇ ಮೂರನೇ ಎರಡು ಭಾಗದಷ್ಟು ಜಾಗ ಖರ್ಚಾಗಿರಬಹುದು, ಗಾಳಿಗೆ ಇನ್ನೂ ಅವಕಾಶವನ್ನೇ ಕೊಟ್ಟಿಲ್ಲ. ಇಷ್ಟು ಇಕ್ಕಟ್ಟಿನಲ್ಲಿ ಸಂದೇಶ ಉಳಿಯುವುದು ತಪ್ಪು ತಿದ್ದುವ ಕೋಡ್ ಇರುವುದರಿಂದ.

ಟ್ರಾನ್ಸ್‌ಮಿಟರಿನ ಈ ಕದಲಿಕೆಯನ್ನು ಕೊಳೆ ಎನ್ನೋಣ. ಅದಕ್ಕೂ ಗಾಳಿಯ ಗದ್ದಲಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಶಕ್ತಿ ಹೆಚ್ಚಿಸಿದರೆ ಗಾಳಿಯ ಗದ್ದಲವನ್ನು ಮೀರಬಹುದು. ಟ್ರಾನ್ಸ್‌ಮಿಟರಿನ ಕೊಳೆ ಸಿಗ್ನಲ್ ಜೊತೆಗೇ ಬೆಳೆಯುತ್ತದೆ, ಅನುಪಾತ ಸುಧಾರಿಸುವುದೇ ಇಲ್ಲ. ನಮ್ಮ ಸೋಫಾದ ಲೆಕ್ಕವನ್ನೇ ತೆಗೆದುಕೊಳ್ಳಿ. 80 ಮೆಗಾಹರ್ಟ್ಜ್‌ನಲ್ಲಿ ಕೋಣೆಯ ಉಷ್ಣತೆಯ ಗದ್ದಲ ಮೈನಸ್ 95 ಡಿಬಿಎಂ. ರಿಸೀವರ್ ತನ್ನ ಪಾಲಿನ 7 ಸೇರಿಸಿತು ಎಂದರೆ ಮೈನಸ್ 88. ಸೋಫಾದ ಮೈನಸ್ 39ರ ಬದಲು ಸರಳವಾಗಿ ಸಿಗ್ನಲ್ ಮೈನಸ್ 40 ಎಂದಿಟ್ಟುಕೊಂಡರೆ ಕಾಗದದ ಮೇಲೆ 48 ಡೆಸಿಬೆಲ್ ಅನುಪಾತ. ಟ್ರಾನ್ಸ್‌ಮಿಟರಿನ ಕೊಳೆ 38ರಲ್ಲಿದ್ದರೆ ಎರಡೂ ಸೇರಿ ಸಿಗುವುದು 37.6. ಮೇಲಿನ ಹತ್ತು ಡೆಸಿಬೆಲ್‌ಗಳಿಂದ ಏನೂ ಪ್ರಯೋಜನವಿಲ್ಲ. ಇನ್ನೂ ಶಕ್ತಿ ಏರಿಸಲು ಹೋದರೆ ಆಂಪ್ಲಿಫೈಯರ್ ತನ್ನ ಮಿತಿಗೆ ಹತ್ತಿರವಾಗಿ ಎತ್ತರದ ಅಲೆಗಳನ್ನು ಚಪ್ಪಟೆ ಮಾಡುತ್ತದೆ, ಕೊಳೆ ಹೆಚ್ಚುತ್ತದೆ. ಈ ಕಾರಣಕ್ಕೆ ಮೇಲಿನ ಮೆಟ್ಟಿಲುಗಳಲ್ಲಿ ರೂಟರ್‌ಗಳು ಶಕ್ತಿಯನ್ನು ಕೆಲವು ಡೆಸಿಬೆಲ್ ತಗ್ಗಿಸಿಯೇ ಕಳಿಸುತ್ತವೆ. ಹೆಚ್ಚು ಅನುಪಾತ ಬೇಕಾದ ಕಡೆಯೇ ಕಡಿಮೆ ಶಕ್ತಿ ಬಿಡಬೇಕಾಗುತ್ತದೆ. ಮೇಲಿನ ಮೆಟ್ಟಿಲು ಇದರಿಂದ ಇನ್ನಷ್ಟು ದುಬಾರಿ.

ಇನ್ನೊಂದು ಕೊಳೆ ಅಲೆಗೆ ತಾಳ ಹಾಕಿಕೊಡುವ ಆಸಿಲೇಟರಿನದು. ಅದರ ತಾಳ ತುಸು ತಪ್ಪಿದರೆ ಇಡೀ ರಂಗೋಲಿ ನಡುಬಿಂದುವಿನ ಸುತ್ತ ಅತ್ತಿತ್ತ ತಿರುಗುತ್ತದೆ. ತಿರುಗಿದಾಗ ನಡುವಿನ ಚುಕ್ಕಿಗಳು ಹೆಚ್ಚು ಕದಲುವುದಿಲ್ಲ, ಮೂಲೆಯವು ಬಹಳ ಕದಲುತ್ತವೆ. ಮೂಲೆಯ ಚುಕ್ಕಿ ತಪ್ಪಾಗಲು 16ರ ರಂಗೋಲಿ ಸುಮಾರು 17 ಡಿಗ್ರಿ ತಿರುಗಬೇಕು. 64ಕ್ಕೆ 8 ಡಿಗ್ರಿ ಸಾಕು. 1024ಕ್ಕೆ ಎರಡು ಡಿಗ್ರಿಗೂ ಕಡಿಮೆ, 4096ಕ್ಕೆ ಒಂದು ಡಿಗ್ರಿಗೂ ಕಡಿಮೆ.

ಅಳೆಯುವ ಉಪಕರಣದ ಪರದೆಯಲ್ಲಿ ಈ ರೋಗಗಳನ್ನು ಮುಖ ನೋಡಿಯೇ ಗುರುತಿಸಬಹುದು. ಪ್ರತಿ ಚುಕ್ಕಿಯೂ ಒಂದೇ ಗಾತ್ರದ ಹತ್ತಿಯುಂಡೆಯಂತೆ ಹರಡಿದ್ದರೆ ಅದು ಗದ್ದಲ. ಮೂಲೆಯ ಚುಕ್ಕಿಗಳು ಬಳೆಯ ಚೂರಿನಂತೆ ಬಾಗಿ ಉದ್ದವಾಗಿದ್ದರೆ ಆಸಿಲೇಟರಿನ ದೋಷ. ನಾಲ್ಕು ಮೂಲೆಗಳೂ ಒಳಕ್ಕೆ ಎಳೆದುಕೊಂಡಿದ್ದರೆ ಆಂಪ್ಲಿಫೈಯರ್ ಏದುಸಿರು ಬಿಡುತ್ತಿದೆ. ಚುಕ್ಕಿಯ ಬದಲು ಸಣ್ಣ ಉಂಗುರ ಕಂಡರೆ ಯಾವುದೋ ಒಂದೇ ಆವರ್ತನದ ಹೊರಗಿನ ಸಿಗ್ನಲ್ ಒಳನುಗ್ಗಿದೆ. ಇಷ್ಟು ಸ್ಪಷ್ಟವಾಗಿ ಕಾಣುವುದು ಒಂದೇ ವಾಹಕ ಅಲೆ ಬಳಸುವ ಮೈಕ್ರೋವೇವ್ ಸಂಪರ್ಕಗಳಲ್ಲಿ. ವೈ-ಫೈ ನೂರಾರು ಉಪವಾಹಕಗಳನ್ನು ಬಳಸುವುದರಿಂದ ಅಲ್ಲಿ ಆಂಪ್ಲಿಫೈಯರಿನ ತಪ್ಪು ಎಲ್ಲ ಚುಕ್ಕಿಗಳಿಗೂ ಹಂಚಿಹೋಗಿ ಗದ್ದಲದ ವೇಷದಲ್ಲೇ ಕಾಣುತ್ತದೆ. ಆಗ ಶಕ್ತಿಯನ್ನು ತಗ್ಗಿಸಿ ನೋಡಬೇಕು: ಹರಡಿಕೆ ಕಡಿಮೆಯಾದರೆ ತಪ್ಪಿತಸ್ಥ ಆಂಪ್ಲಿಫೈಯರ್, ಹೆಚ್ಚಾದರೆ ಗದ್ದಲ.

ಮೈಕ್ರೋವೇವ್ ಎಂದೆನಲ್ಲ, ಅಲ್ಲಿಯೂ ಇದೇ ಮೆಟ್ಟಿಲಿನ ಆಟ. ಒಂದು ಟವರಿನಿಂದ ಇನ್ನೊಂದಕ್ಕೆ ಹತ್ತಾರು ಗಿಗಾಹರ್ಟ್ಜ್‌ನ ಕಿರಿದಾದ ಕಿರಣದಲ್ಲಿ ಮೊಬೈಲ್ ದತ್ತಾಂಶ ಹೋಗುತ್ತದೆ. ಆಕಾಶ ತಿಳಿಯಾಗಿದ್ದಾಗ 1024 ಚುಕ್ಕಿಗಳು ನಡೆಯುತ್ತವೆ. ಮಲೆನಾಡಿನ ಆಷಾಢದಂಥ ಮಳೆ ಸುರಿದಾಗ ಹನಿಗಳು ಅಲೆಯನ್ನು ಹೀರಿ ಚದುರಿಸುತ್ತವೆ, ಸಂಪರ್ಕ ಮೆಟ್ಟಿಲು ಮೆಟ್ಟಿಲಾಗಿ ನಾಲ್ಕೇ ಚುಕ್ಕಿಗಳಿಗೆ ಇಳಿಯುತ್ತದೆ. ಹತ್ತು ಬಿಟ್ ಎರಡಾಗುತ್ತದೆ. ನಮ್ಮ ಮನೆಯ ಹಿಂದಿನ ಕೋಣೆಯಂತೆಯೇ ಐದನೇ ಒಂದು. ಬದಲಿಗೆ ಸಿಗುವುದು ಸುಮಾರು 25 ಡೆಸಿಬೆಲ್‌ಗಳ ಉಸಿರು, ಕರೆಗಳು ಕಡಿಯದಷ್ಟು.

ಇಷ್ಟು ದುಬಾರಿಯಾದರೆ ಚುಕ್ಕಿ ಹೆಚ್ಚಿಸುವ ಗೋಜೇಕೆ ಎಂದು ನೀವು ಕೇಳಬೇಕು. ಶಾನನ್ ಸೂತ್ರದಲ್ಲಿ B ಲಾಗರಿದಮ್ಮಿನ ಹೊರಗಿದೆ. ಚಾನೆಲ್ಲನ್ನು 80ರಿಂದ 160 ಮೆಗಾಹರ್ಟ್ಜ್‌ಗೆ ಅಗಲ ಮಾಡಿದರೆ ಗದ್ದಲವೂ ಇಮ್ಮಡಿಯಾಗಿ 3 ಡೆಸಿಬೆಲ್ ನಷ್ಟವಾಗುತ್ತದೆ, ಎಂದರೆ ಚುಕ್ಕಿಗೆ ಒಂದು ಬಿಟ್ ಕಡಿಮೆ. ಹತ್ತು ಬಿಟ್‌ಗಳ ಬದಲು ಒಂಬತ್ತು, ಆದರೆ ಸೆಕೆಂಡಿಗೆ ಕಳಿಸುವ ಚುಕ್ಕಿಗಳು ಎರಡು ಪಟ್ಟು: ವೇಗ 1.8 ಪಟ್ಟು, ಒಂದು ಮಿಲಿವಾಟ್ ಕೂಡ ಹೆಚ್ಚಿಸದೆ. ನಾಲ್ಕು ಪಟ್ಟು ಶಕ್ತಿ ಕೊಟ್ಟು 1.2 ಪಟ್ಟು ಪಡೆಯುವುದಕ್ಕಿಂತ ಇದು ಎಷ್ಟೋ ಮೇಲು. ಅಗಲಕ್ಕೆ ಜಾಗವಿದ್ದರೆ ಮೊದಲು ಅಗಲವನ್ನೇ ಬಳಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಜಾಗ ಇಲ್ಲದಿದ್ದಾಗ ತೊಂದರೆ. ಅಪಾರ್ಟ್‌ಮೆಂಟಿನಲ್ಲಿ ಅಕ್ಕಪಕ್ಕದ ಹತ್ತು ಮನೆಗಳ ರೂಟರ್‌ಗಳು ಅದೇ ಪಟ್ಟಿಯಲ್ಲಿ ಕೂಗುತ್ತಿರುತ್ತವೆ. ಟವರ್ ಸಂಪರ್ಕದಲ್ಲಿ ಸರ್ಕಾರ ಹಂಚಿದ ಪಟ್ಟಿಯ ಅಗಲ ಇದ್ದಷ್ಟೇ. ಅಂಥ ಕಡೆ, ಹತ್ತಿರದ ಸಾಧನಕ್ಕೆ ಅನುಪಾತ ಹೇಗೂ ಧಾರಾಳವಾಗಿದ್ದರೆ, ಶೇ. 20 ಎಂದರೂ ಬಿಡುವಂತಿಲ್ಲ. ಆ ಸಾಧನ ತನ್ನ ಮಾತನ್ನು ಬೇಗ ಮುಗಿಸಿದಷ್ಟೂ ಹಿಂದಿನ ಕೋಣೆಯ ಸಾಧನಕ್ಕೆ ಗಾಳಿಯಲ್ಲಿ ಹೆಚ್ಚು ಹೊತ್ತು ಸಿಗುತ್ತದೆ.

ಉಪನ್ಯಾಸ ಮುಗಿದ ಮೇಲೆ ಹಿರಿಯರೊಬ್ಬರು ಎದ್ದು ಕೇಳಿದರು: "ಸರ್, ಮಗ 4096ರ ಹೊಸ ರೂಟರ್ ತಂದು ಹಾಕಿದ್ದಾನೆ. ನನ್ನ ಕೋಣೆ ಮನೆಯ ಹಿಂದೆ, ನೀವು ಹೇಳಿದ ಎರಡು ಗೋಡೆಯಾಚೆಗೇ ಇದೆ. ಅಲ್ಲಿ ಏನೂ ವ್ಯತ್ಯಾಸವಾಗಿಲ್ಲ. ರೂಟರ್‌ನ ಶಕ್ತಿ ಹೆಚ್ಚಿಸಿದರೆ ಆಗುತ್ತದೆಯೇ?"

ಅವರ ಜೊತೆ ಹಲಗೆಯ ಬಳಿ ನಿಂತೇ ಲೆಕ್ಕ ಹಾಕಿದೆವು. "ನಿಮ್ಮ ಕೋಣೆಯಲ್ಲಿ ಸಿಗ್ನಲ್ ಮೈನಸ್ 67 ಎಂದುಕೊಳ್ಳೋಣ ಸರ್. 4096ಕ್ಕೆ ಮೈನಸ್ 40 ಬೇಕು. ಕೊರತೆ 27 ಡೆಸಿಬೆಲ್, ಎಂದರೆ ಐನೂರು ಪಟ್ಟು. ಈಗಿನ 100 ಮಿಲಿವಾಟ್ ಹೋಗಿ 50 ವಾಟ್ ಆಗಬೇಕು. ಅದಕ್ಕೆ ಕಾನೂನು ಬಿಡುವುದಿಲ್ಲ. ಬಿಟ್ಟರೂ ನಿಮ್ಮ ಫೋನ್ ಅಷ್ಟೇ ಜೋರಾಗಿ ಉತ್ತರಿಸಲಾರದು. ಹಾಲ್‌ನಿಂದ ನಿಮ್ಮ ಕೋಣೆಗೆ ಒಂದು ಕೇಬಲ್ ಎಳೆಸಿ, ಅಲ್ಲೊಂದು ಸಣ್ಣ ಆಕ್ಸೆಸ್ ಪಾಯಿಂಟ್ ಇಡಿಸಿ. ಮಂಚದಿಂದ 4 ಮೀಟರ್ ಒಳಗೆ, ನಡುವೆ ಗೋಡೆ ಬಾರದಂತೆ."

"ಹಳೆಯ ರೂಟರ್ ಅಟ್ಟದ ಮೇಲೆ ಇದೆ, ಅದನ್ನೇ ಇಡಬಹುದೇ?" ಎಂದರು. ಅದು 256 ಚುಕ್ಕಿಗಳದು. ಮಂಚದ ಪಕ್ಕದಲ್ಲಿ ಸಿಗ್ನಲ್ ಮೈನಸ್ 39 ಇದ್ದಾಗ ಅದರ ಮೇಲಿನ ಮೆಟ್ಟಿಲಿಗೆ ಬೇಕಾದ ಮೈನಸ್ 51ಕ್ಕಿಂತ 12 ಡೆಸಿಬೆಲ್ ಹೆಚ್ಚಿಗೆ ಉಳಿಯುತ್ತದೆ. ಧಾರಾಳವಾಗಿ ಇಡಬಹುದು ಎಂದೆ.